ಲಿಥಿಯಂ ಮಾತ್ರೆ ನುಂಗುವವರ ಉಪ್ಪು, ನೀರು, ಕಾಫಿ

1949ರ ಆರಂಭದಲ್ಲಿ ಅಮೆರಿಕದ ಕೆಲವು ಆಸ್ಪತ್ರೆಗಳಿಗೆ ಒಂದೇ ಬಗೆಯ ರೋಗಿಗಳು ಬರತೊಡಗಿದರು. ಕೈಕಾಲು ನಡುಗುತ್ತಿತ್ತು, ನಡೆದರೆ ತೂರಾಡುತ್ತಿದ್ದರು, ಮಾತು ತೊದಲುತ್ತಿತ್ತು, ಕೆಲವರಿಗೆ ಮಂಪರು. ಇವರಲ್ಲಿ ಹೆಚ್ಚಿನವರು ಹೃದಯದ ಕಾಯಿಲೆಯವರು ಅಥವಾ ಬಿಪಿ ಇದ್ದವರು. ಉಪ್ಪು ಪೂರ್ತಿ ಬಿಡಿ ಎಂದು ಡಾಕ್ಟರು ಹೇಳಿದ್ದರು. ಸಪ್ಪೆ ಊಟ ಬಾಯಿಗೆ ಹಿಡಿಸದೆ ಅಂಗಡಿಯಲ್ಲಿ ಸಿಗುತ್ತಿದ್ದ ಬದಲಿ ಉಪ್ಪನ್ನು ಅವರು ಊಟದ ಮೇಲೆ ಉದುರಿಸಿಕೊಳ್ಳುತ್ತಿದ್ದರು. ಆ ಬದಲಿ ಉಪ್ಪು ಲಿಥಿಯಂ ಕ್ಲೋರೈಡ್. ಕೆಲವರು ಸತ್ತ ಮೇಲೆ ಅದರ ಮಾರಾಟ ನಿಂತಿತು.

ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಆಸ್ಟ್ರೇಲಿಯಾದ ಮನೋವೈದ್ಯ ಜಾನ್ ಕೇಡ್, ಉನ್ಮಾದದಿಂದ ನರಳುತ್ತಿದ್ದ ಹತ್ತು ರೋಗಿಗಳಿಗೆ ಲಿಥಿಯಂ ಕೊಟ್ಟು ಗುಣ ಕಂಡದ್ದನ್ನು ಪ್ರಕಟಿಸಿದರು. ವರ್ಷಗಟ್ಟಲೆ ಆಸ್ಪತ್ರೆಯಲ್ಲೇ ಇದ್ದ ಅವರ ಮೊದಲ ರೋಗಿ ಮನೆಗೆ ಮರಳಿ ಕೆಲಸಕ್ಕೂ ಹೋಗುವಂತಾಗಿದ್ದ. ಮರುವರ್ಷ ಅದೇ ರೋಗಿ ಲಿಥಿಯಂ ಮೈಗೇರಿ ತೀರಿಕೊಂಡ. ರಕ್ತದಲ್ಲಿ ಲಿಥಿಯಂ ಎಷ್ಟಿದೆ ಎಂದು ಅಳೆಯುವ ಪದ್ಧತಿ ಆಗಿನ್ನೂ ಬಳಕೆಗೆ ಬಂದಿರಲಿಲ್ಲ.

ಬೈಪೋಲಾರ್ ಕಾಯಿಲೆಯಲ್ಲಿ ಉನ್ಮಾದ ಮತ್ತು ಖಿನ್ನತೆ ಮರುಕಳಿಸದಂತೆ ತಡೆಯಲು ಇಂದಿಗೂ ಲಿಥಿಯಂ ಕೊಡುತ್ತಾರೆ. ಆತ್ಮಹತ್ಯೆಯ ಅಪಾಯವನ್ನು ಇಳಿಸುವುದರಲ್ಲೂ ಅದಕ್ಕೆ ಒಳ್ಳೆಯ ಹೆಸರಿದೆ. ಆದರೆ ಗುಣ ಕೊಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಇಷ್ಟು ಕಡಿಮೆ ಅಂತರ ಇರುವ ಔಷಧಗಳು ವಿರಳ. ದೀರ್ಘಕಾಲ ಮಾತ್ರೆ ತೆಗೆದುಕೊಳ್ಳುವವರಲ್ಲಿ ಸಾಮಾನ್ಯವಾಗಿ ಲೀಟರ್ ರಕ್ತಕ್ಕೆ 0.6ರಿಂದ 0.8 ಮಿಲಿಮೋಲ್ ಇರಲಿ ಎಂದು ನೋಡುತ್ತಾರೆ, ಕೆಲವರಿಗೆ 1.0ರವರೆಗೂ ಬೇಕಾಗುತ್ತದೆ. ಲ್ಯಾಬ್ ರಿಪೋರ್ಟಿನಲ್ಲಿ ಮಿಲಿಈಕ್ವಿವಲೆಂಟ್ ಎಂದಿದ್ದರೂ ಅಂಕಿ ಅದೇ. 1.5 ದಾಟಿದರೆ ವಿಷದ ಲಕ್ಷಣಗಳು ಶುರು, 2 ದಾಟಿದರೆ ಜೀವಕ್ಕೇ ಕುತ್ತು. ಅಂದರೆ ಒಳ್ಳೆಯ ಲೆವೆಲ್ ದುಪ್ಪಟ್ಟಾದರೆ ಸಾಕು, ಮನುಷ್ಯ ಆಸ್ಪತ್ರೆ ಸೇರಬೇಕಾಗುತ್ತದೆ. ಹಾಗೆ ದುಪ್ಪಟ್ಟಾಗಲು ಯಾರೂ ಹೆಚ್ಚು ಮಾತ್ರೆ ನುಂಗಬೇಕಾಗಿಲ್ಲ. ಊಟದ ಉಪ್ಪು, ಕುಡಿಯುವ ನೀರು, ಬೆಳಗಿನ ಕಾಫಿ ಬದಲಾದರೂ ಲೆವೆಲ್ ಅಲುಗಾಡುತ್ತದೆ. ಇದು ಏಕೆ ಎಂಬುದು ಮಾತ್ರೆ ನುಂಗುವವರಿಗೂ ಮನೆಯವರಿಗೂ ಗೊತ್ತಿರಲೇಬೇಕು.

ಲಿಥಿಯಂ ಒಂದು ಲೋಹ, ಧಾತುಗಳ ಪಟ್ಟಿಯಲ್ಲಿ ಸೋಡಿಯಂನ ಮೇಲಿನ ಮನೆ ಅದರದ್ದು. ಬೇರೆ ಮಾತ್ರೆಗಳನ್ನು ಪಿತ್ತಜನಕಾಂಗ ಒಡೆದು ಹಾಕುವಂತೆ ಇದನ್ನು ಒಡೆಯಲು ಬರುವುದಿಲ್ಲ. ನುಂಗಿದ ಲಿಥಿಯಂ ಬಹುಪಾಲು ಹಾಗೆಯೇ ಮೂತ್ರದಲ್ಲಿ ಹೊರಗೆ ಹೋಗಬೇಕು, ಬೇರೆ ದಾರಿ ಇಲ್ಲವೆಂದೇ ಹೇಳಬಹುದು. ಆದ್ದರಿಂದ ಲೆವೆಲ್ಲಿನ ಕಥೆಯೆಲ್ಲ ಮೂತ್ರಪಿಂಡದ ಕಥೆ.

ಮೂತ್ರಪಿಂಡ ಮೊದಲು ರಕ್ತದ ನೀರಿನಂಶವನ್ನು ಸೋಸಿ ಕೊಳವೆಗಳಿಗೆ ಇಳಿಸುತ್ತದೆ, ಆಮೇಲೆ ದೇಹಕ್ಕೆ ಬೇಕಾದುದನ್ನು ಆ ಕೊಳವೆಗಳಿಂದ ಮರಳಿ ಎಳೆದುಕೊಳ್ಳುತ್ತದೆ. ಹೀಗೆ ಎಳೆದುಕೊಳ್ಳುವುದರಲ್ಲಿ ಮುಖ್ಯವಾದದ್ದು ಸೋಡಿಯಂ, ಅಂದರೆ ನಮ್ಮ ಉಪ್ಪಿನ ಸಾರ. ಕೊಳವೆಯ ಮೊದಲ ಭಾಗಕ್ಕೆ ಸೋಡಿಯಂ ಯಾವುದು, ಲಿಥಿಯಂ ಯಾವುದು ಎಂಬ ಭೇದ ಅಷ್ಟಾಗಿ ತಿಳಿಯುವುದಿಲ್ಲ. ಮದುವೆ ದಿಬ್ಬಣದ ಜೊತೆ ಒಳಗೆ ಬಂದು ಪಂಕ್ತಿಯಲ್ಲಿ ಕೂತ ಅಪರಿಚಿತನಂತೆ ಲಿಥಿಯಂ ಸೋಡಿಯಂನ ಬೆನ್ನಿಗೆ ರಕ್ತಕ್ಕೆ ಮರಳುತ್ತದೆ. ಸೋಸಿದ ಲಿಥಿಯಂನಲ್ಲಿ ಐದರಲ್ಲಿ ನಾಲ್ಕು ಪಾಲು ಹೀಗೆ ವಾಪಸಾಗುತ್ತದೆ, ಒಂದು ಪಾಲು ಮಾತ್ರ ಮೂತ್ರಕ್ಕೆ.

ಈಗ ಊಟದಲ್ಲಿ ಉಪ್ಪು ಏಕಾಏಕಿ ಕಡಿಮೆಯಾಯಿತು ಎನ್ನಿ. ಸೋಡಿಯಂ ಕೈತಪ್ಪಬಾರದೆಂದು ಮೂತ್ರಪಿಂಡ ಮೊದಲಿಗಿಂತ ಬಲವಾಗಿ ಅದನ್ನು ಎಳೆದುಕೊಳ್ಳುತ್ತದೆ. ಜೊತೆಗೆ ಲಿಥಿಯಂ ಕೂಡ ಹೆಚ್ಚು ಮರಳುತ್ತದೆ, ರಕ್ತದಲ್ಲಿ ಲೆವೆಲ್ ಏರುತ್ತದೆ. ಉಪ್ಪು ಹೆಚ್ಚಾದರೆ ತದ್ವಿರುದ್ಧ: ಮೂತ್ರಪಿಂಡ ಸೋಡಿಯಂ ಹೊರಗೆ ಬಿಡುತ್ತದೆ, ಲಿಥಿಯಂ ಅದರ ಜೊತೆ ಹೋಗುತ್ತದೆ, ಲೆವೆಲ್ ಇಳಿಯುತ್ತದೆ. 1949ರ ಆ ಹೃದ್ರೋಗಿಗಳಿಗೆ ಆದದ್ದು ಮೊದಲನೆಯದು. ಉಪ್ಪು ಬಿಟ್ಟು ಅವರ ಮೂತ್ರಪಿಂಡ ಸೋಡಿಯಂಗಾಗಿ ಹಾತೊರೆಯುತ್ತಿದ್ದಾಗಲೇ ಅಳತೆಯಿಲ್ಲದೆ ಲಿಥಿಯಂ ಒಳಗೆ ಹೋಯಿತು.

ನೀರಿನ ವಿಚಾರದಲ್ಲಿ ಒಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಹೆಚ್ಚು ನೀರು ಕುಡಿದರೆ ಲಿಥಿಯಂ ತೊಳೆದುಕೊಂಡು ಹೋಗುತ್ತದೆ ಎಂದು ಅನೇಕರು ನಂಬಿದ್ದಾರೆ. ಹಾಗಾಗುವುದಿಲ್ಲ. ಲಿಥಿಯಂ ಎಷ್ಟು ಮರಳಬೇಕು ಎಂಬುದು ಬಹುಮಟ್ಟಿಗೆ ಕೊಳವೆಯ ಮೊದಲ ಭಾಗದಲ್ಲೇ ತೀರ್ಮಾನವಾಗುತ್ತದೆ, ನೀರನ್ನು ಬಿಡಬೇಕೋ ಉಳಿಸಬೇಕೋ ಎಂಬ ಕೊನೆಯ ತೀರ್ಮಾನ ಕೊಳವೆಯ ತುದಿಯಲ್ಲಿ. ನಾಲ್ಕೈದು ಲೀಟರ್ ಕುಡಿದರೆ ಮೂತ್ರ ತೆಳ್ಳಗಾಗುತ್ತದೆಯೇ ಹೊರತು ಲೆವೆಲ್ ಹೇಳಿಕೊಳ್ಳುವಷ್ಟು ಇಳಿಯುವುದಿಲ್ಲ. ಆದರೆ ನೀರು ಸಾಲದೆ ಹೋದಾಗ ಮಾತು ಬೇರೆ. ದೇಹದ ದ್ರವ ಕುಗ್ಗಿದರೆ ಮೂತ್ರಪಿಂಡ ಸೋಸುವುದೂ ಕಡಿಮೆಯಾಗುತ್ತದೆ, ಸೋಡಿಯಂ ಎಳೆದುಕೊಳ್ಳುವುದೂ ಜೋರಾಗುತ್ತದೆ. ಎರಡೂ ಕಡೆಯಿಂದ ಲಿಥಿಯಂ ಒಳಗೇ ಉಳಿಯುತ್ತದೆ. ನೀರು ಹೆಚ್ಚಾದರೆ ದೊಡ್ಡ ಲಾಭವಿಲ್ಲ, ಕಡಿಮೆಯಾದರೆ ಮಾತ್ರ ನಷ್ಟ ದೊಡ್ಡದು.

ಇದರ ಮೇಲೆ ಇನ್ನೊಂದು ತೊಡಕು. ವರ್ಷಗಳಿಂದ ಲಿಥಿಯಂ ತೆಗೆದುಕೊಳ್ಳುವ ಅನೇಕರಿಗೆ ಬಾಯಾರಿಕೆ ಹೆಚ್ಚು, ರಾತ್ರಿ ಮೂರ್ನಾಲ್ಕು ಸಲ ಮೂತ್ರಕ್ಕೆ ಏಳುತ್ತಾರೆ. ನೀರನ್ನು ಉಳಿಸಿಕೊಳ್ಳಿ ಎಂದು ಮೆದುಳು ಕಳಿಸುವ ಹಾರ್ಮೋನಿನ ಸೂಚನೆಗೆ ಕೊಳವೆಯ ತುದಿ ಸ್ಪಂದಿಸದಂತೆ ಲಿಥಿಯಂ ಮಾಡುತ್ತದೆ. ಆಗ ಕುಡಿಯಲಿ ಬಿಡಲಿ, ಮೂತ್ರ ಹೋಗುತ್ತಲೇ ಇರುತ್ತದೆ. ಇಂಥವರಿಗೆ ಮನೆಯವರು ಅಕ್ಕರೆಯಿಂದಲೇ ಸಂಜೆ ಆರರ ಮೇಲೆ ನೀರು ಕುಡಿಯಬೇಡ ಎಂದು ಹೇಳುವುದುಂಟು. ಅದು ಅಪಾಯದ ಸಲಹೆ. ಮೂತ್ರ ನಿಲ್ಲುವುದಿಲ್ಲ, ದೇಹ ಒಣಗುತ್ತದೆ, ಲೆವೆಲ್ ಏರುತ್ತದೆ. ಬಾಯಾರಿದಾಗ ಕುಡಿಯಬೇಕು, ರಾತ್ರಿ ಏಳುವುದು ಕಷ್ಟವಾಗಿದ್ದರೆ ಡಾಕ್ಟರಿಗೆ ಹೇಳಬೇಕು. ಪ್ರಮಾಣ ತಗ್ಗಿಸುವುದು, ಮಾತ್ರೆಯ ಹೊತ್ತು ಬದಲಿಸುವುದು, ಮೂತ್ರ ತಗ್ಗಿಸಲು ಬೇರೊಂದು ಔಷಧ ಸೇರಿಸುವುದು ಅವರ ಕೈಯಲ್ಲಿದೆ. ಶಸ್ತ್ರಚಿಕಿತ್ಸೆಗೆ ಮುನ್ನ ರಾತ್ರಿಯಿಂದ ಏನೂ ಕುಡಿಯಬೇಡಿ ಎಂದು ಹೇಳಿದಾಗಲೂ ಲಿಥಿಯಂ ತೆಗೆದುಕೊಳ್ಳುತ್ತಿರುವ ಸಂಗತಿ ಅರಿವಳಿಕೆ ಕೊಡುವ ಡಾಕ್ಟರಿಗೆ ಗೊತ್ತಿರಬೇಕು.

ಉಪವಾಸದ ಪ್ರಶ್ನೆ ನಮ್ಮಲ್ಲಿ ಬಂದೇ ಬರುತ್ತದೆ. ಹಾಲು, ಹಣ್ಣು, ನೀರು ಇರುವ ಒಪ್ಪೊತ್ತಿಗೂ, ಹನಿ ನೀರಿಲ್ಲದ ನಿರ್ಜಲ ಏಕಾದಶಿಗೂ ಬಹಳ ವ್ಯತ್ಯಾಸವಿದೆ. ರಂಜಾನ್ ಉಪವಾಸ ಮಾಡಿದ ಬೈಪೋಲಾರ್ ರೋಗಿಗಳ ಬಗ್ಗೆ ಪಾಕಿಸ್ತಾನದ ವೈದ್ಯರು 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಲೆವೆಲ್ ಹೆಚ್ಚು ಏರುಪೇರಾಗಿರಲಿಲ್ಲ. ಅದು ವೈದ್ಯರ ನಿಗಾದಲ್ಲಿ ರಕ್ತ ಪರೀಕ್ಷೆ ಮಾಡಿಸುತ್ತ ನಡೆದ ಉಪವಾಸ ಎಂಬುದನ್ನು ಮರೆಯಬಾರದು. ಬಿರುಬಿಸಿಲಲ್ಲಿ ಹೊರಗೆ ದುಡಿಯುವವರಿಗೆ, ವಯಸ್ಸಾದವರಿಗೆ, ಈಗಾಗಲೇ ಮೂತ್ರ ಹೆಚ್ಚು ಹೋಗುವವರಿಗೆ ನೀರಿಲ್ಲದ ಉಪವಾಸ ಬೇಡವೆಂದೇ ನನ್ನ ಅಭಿಪ್ರಾಯ. ದೇವರ ಕೋಣೆಯಲ್ಲಿ ಹಟ ತೊಡುವ ಮೊದಲು ಡಾಕ್ಟರ ಬಳಿ ಮಾತಾಡಿ.

ಬೆವರಿನ ಬಗ್ಗೆಯೂ ಒಂದು ಮಾತು. ಬೆವರಿನಲ್ಲಿ ಲಿಥಿಯಂ ಕೂಡ ಹೊರಗೆ ಹೋಗುವುದರಿಂದ ಒಂದು ದಿನ ಚೆನ್ನಾಗಿ ಬೆವರಿದ ಮಾತ್ರಕ್ಕೆ ಲೆವೆಲ್ ಏರಿಬಿಡುತ್ತದೆ ಎಂದೇನಿಲ್ಲ. ಬೇಸಿಗೆಯಲ್ಲಿ ದಿನಗಟ್ಟಲೆ ಬೆವರುತ್ತ, ಕಳೆದುಕೊಂಡ ಉಪ್ಪು ನೀರನ್ನು ತುಂಬಿಕೊಳ್ಳದೆ ಇದ್ದರೆ ತೊಂದರೆ. ಊಟಕ್ಕೆ ಉಪ್ಪು ಹಾಕಿದ ಮಜ್ಜಿಗೆ ಕುಡಿಯುವ ನಮ್ಮ ರೂಢಿ ಇಲ್ಲಿ ಕೈಹಿಡಿಯುತ್ತದೆ.

ಕಾಫಿಯ ಪಾತ್ರ ಬಹಳ ಜನರಿಗೆ ಗೊತ್ತಿಲ್ಲ. ಕಾಫಿ, ಚಹಾ, ಕೋಲಾ, ಎನರ್ಜಿ ಡ್ರಿಂಕ್‌ಗಳಲ್ಲಿರುವ ಕೆಫೀನ್ ಮೂತ್ರಪಿಂಡದ ಅದೇ ಮೊದಲ ಕೊಳವೆಯಲ್ಲಿ ಸೋಡಿಯಂ ಮರಳುವುದನ್ನು ತಡೆಯುತ್ತದೆ. ಸೋಡಿಯಂ ಹೊರಗೆ ಹೋಗುವಾಗ ಲಿಥಿಯಂ ಕೂಡ ಹೋಗುತ್ತದೆ. ಹಾಗಾಗಿ ದಿನಾ ಐದಾರು ಲೋಟ ಕಾಫಿ ಕುಡಿಯುವವರ ಲೆವೆಲ್ ಕುಡಿಯದಿದ್ದರೆ ಇರಬೇಕಾದುದಕ್ಕಿಂತ ಸ್ವಲ್ಪ ಕೆಳಗಿರುತ್ತದೆ. ಡಾಕ್ಟರು ರಕ್ತ ಪರೀಕ್ಷೆ ನೋಡಿ ಮಾತ್ರೆಯ ಪ್ರಮಾಣ ಹೊಂದಿಸುವಾಗ ಆ ಕಾಫಿಯ ಲೆಕ್ಕವೂ ತಿಳಿಯದೆ ಅದರೊಳಗೆ ಸೇರಿರುತ್ತದೆ. ಒಂದು ದಿನ ಅವರು ಕಾಫಿ ಬಿಟ್ಟರೆ ಆ ಲೆಕ್ಕ ತಪ್ಪುತ್ತದೆ. 1995ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ದಿನಕ್ಕೆ ನಾಲ್ಕರಿಂದ ಎಂಟು ಕಪ್ ಕುಡಿಯುತ್ತಿದ್ದ ಹನ್ನೊಂದು ರೋಗಿಗಳು ಎರಡು ವಾರ ಕಾಫಿ ಬಿಟ್ಟರು. ಅವರ ಲೆವೆಲ್ ಸರಾಸರಿ ಶೇಕಡ 24ರಷ್ಟು ಏರಿತು. 0.8 ಇದ್ದವರಿಗೆ ಅದು 1.0, 1.0 ಇದ್ದವರಿಗೆ 1.24. ಸಣ್ಣ ಗುಂಪಿನ ಅಧ್ಯಯನ ನಿಜ, ಆದರೆ ಮೂತ್ರಪಿಂಡದ ಕೆಲಸದ ಬಗ್ಗೆ ನಮಗೆ ಗೊತ್ತಿರುವುದಕ್ಕೆ ಅದು ಸರಿಯಾಗಿ ಹೊಂದುತ್ತದೆ.

ಲಿಥಿಯಂ ಒಳಗಿದ್ದವರ ಕೈಬೆರಳುಗಳಲ್ಲಿ ಸಣ್ಣ ನಡುಕ ಸಾಮಾನ್ಯ. ಕಾಫಿ ಕುಡಿದರೆ ಅದು ಹೆಚ್ಚುತ್ತದೆಂದು ಕಾಫಿ ಬಿಡುತ್ತಾರೆ. ವಾರ ಕಳೆಯುವಷ್ಟರಲ್ಲಿ ನಡುಕ ಕಡಿಮೆಯಾಗುವ ಬದಲು ಜಾಸ್ತಿಯಾದರೆ ಲೆವೆಲ್ ಏರಿರುವ ಸಾಧ್ಯತೆಯನ್ನು ಮೊದಲು ನೋಡಬೇಕು. ಇದರ ಮಗ್ಗುಲು ತಿರುಗಿಸಿದರೆ ಇನ್ನೊಂದು ಪ್ರಸಂಗ: ಆಸ್ಪತ್ರೆಯ ವಾರ್ಡಿನಲ್ಲಿದ್ದಾಗ ದಿನಕ್ಕೆರಡು ಲೋಟ ತೆಳು ಚಹಾ ಮಾತ್ರ, ಲೆವೆಲ್ 0.8ಕ್ಕೆ ಹೊಂದಿಕೊಂಡಿರುತ್ತದೆ. ಮನೆಗೆ ಬಂದ ಮೇಲೆ ಮತ್ತೆ ಆರು ಲೋಟ ಗಟ್ಟಿ ಕಾಫಿ. ಮಾತ್ರೆ ಒಂದೂ ತಪ್ಪಿರುವುದಿಲ್ಲ, ಆದರೂ ಲೆವೆಲ್ ಇಳಿದಿರುತ್ತದೆ. ಮೇಲಾಗಿ ಕಾಫಿ ನಿದ್ದೆ ಕೆಡಿಸುತ್ತದೆ, ನಿದ್ದೆ ಕೆಟ್ಟರೆ ಉನ್ಮಾದ ಮರುಕಳಿಸುವ ಭಯ. ಪರೀಕ್ಷೆಗೆಂದು ಎನರ್ಜಿ ಡ್ರಿಂಕ್ ಶುರು ಮಾಡುವ ಯುವಕರ ಪಾಡೂ ಇದೇ. ಒಂದೇ ಲೋಟ ಕಾಫಿಯಲ್ಲೂ ಕೆಫೀನ್ ಒಂದೇ ಇರುವುದಿಲ್ಲ ಎಂಬುದನ್ನು ಕರ್ನಾಟಕದ ಓದುಗರಿಗೆ ವಿಶೇಷವಾಗಿ ಹೇಳಬೇಕು. ಚಿಕೋರಿಯಲ್ಲಿ ಕೆಫೀನ್ ಇಲ್ಲ. ನಲವತ್ತು ಭಾಗ ಚಿಕೋರಿ ಬೆರೆತ ಪುಡಿಯಿಂದ ಅಪ್ಪಟ ಪುಡಿಗೆ ಬದಲಾದರೆ ಲೋಟದ ಲೆಕ್ಕ ಅಷ್ಟೇ ಇದ್ದರೂ ಕೆಫೀನ್ ಏರುತ್ತದೆ.

ಈ ಮೂರೂ ಒಟ್ಟಿಗೆ ಬಂದರೆ ಏನಾಗುತ್ತದೆ ಎಂಬುದನ್ನು ಒಂದು ಲೆಕ್ಕದ ಮೂಲಕ ನೋಡೋಣ. ಇದು ಯಾರೊಬ್ಬರ ಕಥೆಯಲ್ಲ, ತಿಳಿಯಲಿಕ್ಕೆ ಕಟ್ಟಿಕೊಂಡ ಚಿತ್ರ. ಕಲಬುರಗಿ ಕಡೆಯ ನಲವತ್ತೆಂಟರ ಪ್ರಾಯದ ಒಬ್ಬ ಶಿಕ್ಷಕಿ. ರಾತ್ರಿ 900 ಮಿಲಿಗ್ರಾಂ ಲಿಥಿಯಂ ಕಾರ್ಬೊನೇಟ್ ತೆಗೆದುಕೊಳ್ಳುತ್ತಾರೆ, ಅದರಲ್ಲಿ ಸುಮಾರು 24 ಮಿಲಿಮೋಲ್ ಲಿಥಿಯಂ ಇರುತ್ತದೆ. ಅವರ ಮೂತ್ರಪಿಂಡ ದಿನಕ್ಕೆ 145 ಲೀಟರಿನಷ್ಟು ಸೋಸುತ್ತದೆ, ಲಿಥಿಯಂ ಮಟ್ಟಿಗೆ ಐದನೇ ಒಂದು ಪಾಲು, ಅಂದರೆ 29 ಲೀಟರ್ ಪೂರ್ತಿ ಸ್ವಚ್ಛವಾದಂತೆ. ಒಳಗೆ ಬರುವ 24ನ್ನು ಹೊರಹಾಕುವ 29ರಿಂದ ಭಾಗಿಸಿ: 0.83. ಅವರ ಲೆವೆಲ್ ಹೆಚ್ಚುಕಡಿಮೆ ಅಲ್ಲೇ ನಿಂತಿದೆ, ಅವರು ವರ್ಷಗಳಿಂದ ನೆಮ್ಮದಿಯಾಗಿದ್ದಾರೆ.

ಏಪ್ರಿಲ್‌ನಲ್ಲಿ ಬಿಪಿ ಸ್ವಲ್ಪ ಹೆಚ್ಚಿದೆ ಎಂದು ಗೊತ್ತಾಯಿತು. ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿ ಬಿಟ್ಟರು, ಪಲ್ಯಕ್ಕೆ ಉಪ್ಪು ಹಾಕುವುದನ್ನೇ ನಿಲ್ಲಿಸಿದರು, ದಿನದ ಐದು ಲೋಟ ಕಾಫಿಯನ್ನೂ ಒಂದೇ ಏಟಿಗೆ ಬಿಟ್ಟರು. 29 ಲೀಟರ್ ಈಗ 23ಕ್ಕೆ ಇಳಿಯಿತು ಎಂದಿಟ್ಟುಕೊಳ್ಳಿ. 24ನ್ನು 23ರಿಂದ ಭಾಗಿಸಿದರೆ 1.04. ಬರೆಯುವಾಗ ಕೈ ಸ್ವಲ್ಪ ಹೆಚ್ಚು ನಡುಗುತ್ತದೆ, ಅಷ್ಟೇ. ಬಿಪಿ ಇಳಿದಿದೆ ಎಂದು ಮನೆಯವರಿಗೆ ಸಂತೋಷ.

ಮೇ ತಿಂಗಳಲ್ಲಿ ಮದುವೆಯೊಂದರ ಊಟ ತಿಂದು ಭೇದಿ ಶುರುವಾಯಿತು, ಜೊತೆಗೆ ವಾಂತಿ. ಭೇದಿಯಲ್ಲಿ ನೀರಿನ ಜೊತೆ ಸೋಡಿಯಂ ಹೇರಳವಾಗಿ ಹೋಗುತ್ತದೆ. ಅವರು ಬರೀ ನೀರು, ಎಳನೀರು ಕುಡಿದರು. ಎಳನೀರಿನಲ್ಲಿ ಪೊಟ್ಯಾಷಿಯಂ ಬೇಕಾದಷ್ಟಿದೆ, ಸೋಡಿಯಂ ಬಹಳ ಕಡಿಮೆ. ಮೈಕೈ ನೋವಿಗೆ ಅಂಗಡಿಯಿಂದ ಐಬುಪ್ರೊಫೆನ್ ತಂದು ನುಂಗಿದರು, ಆ ಜಾತಿಯ ನೋವಿನ ಮಾತ್ರೆಗಳೂ ಲಿಥಿಯಂ ಹೊರಹೋಗುವುದನ್ನು ತಡೆಯುತ್ತವೆ. ಕಾಯಿಲೆ ಮರುಕಳಿಸಬಾರದೆಂಬ ಭಯದಿಂದ ಲಿಥಿಯಂ ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ. 23 ಲೀಟರ್ 15ಕ್ಕೆ ಕುಸಿಯಿತು. 24ನ್ನು 15ರಿಂದ ಭಾಗಿಸಿದರೆ 1.6. ದೇಹದಲ್ಲಿದ್ದ ಲಿಥಿಯಂ ಅರ್ಧವಾಗಲು ಸುಮಾರು ಒಂದು ದಿನ ಬೇಕಾಗುವುದರಿಂದ ಲೆವೆಲ್ ಒಂದೇ ದಿನಕ್ಕೆ ಅಲ್ಲಿಗೆ ಹಾರುವುದಿಲ್ಲ, ದಿನದಿಂದ ದಿನಕ್ಕೆ ಏರುತ್ತ ಹೋಗುತ್ತದೆ. ಮೊದಲ ದಿನ ಏನೂ ಆಗಲಿಲ್ಲವೆಂಬ ಧೈರ್ಯ ಮೂರನೇ ದಿನಕ್ಕೆ ಉಪಯೋಗಕ್ಕೆ ಬಾರದು.

ಇಲ್ಲಿರುವ ದೊಡ್ಡ ಮೋಸವೆಂದರೆ, ಲಿಥಿಯಂ ಹೆಚ್ಚಾದರೆ ಬರುವ ಮೊದಲ ಲಕ್ಷಣಗಳೂ ವಾಂತಿ, ಭೇದಿಯೇ. ಭೇದಿಯಿಂದ ಲೆವೆಲ್ ಏರುತ್ತದೆ, ಏರಿದ ಲೆವೆಲ್ ಭೇದಿಯನ್ನು ಹೆಚ್ಚಿಸುತ್ತದೆ, ಸೋಡಿಯಂ ಇನ್ನಷ್ಟು ಹೋಗುತ್ತದೆ. ಶಿಕ್ಷಕಿ ಗೋಡೆ ಹಿಡಿದು ನಡೆಯತೊಡಗಿದಾಗ, ಮಾತು ಎಳೆಯತೊಡಗಿದಾಗ ಮನೆಯವರು ಭೇದಿಯ ನಿತ್ರಾಣ ಎಂದುಕೊಳ್ಳುತ್ತಾರೆ. ನಿತ್ರಾಣವಾದವರು ಎದ್ದರೆ ಕಣ್ಣು ಕತ್ತಲೆ ಬರಬಹುದು, ಆದರೆ ಕುಡಿದವರಂತೆ ಕಾಲಗಲಿಸಿ ತೂರಾಡುವುದಿಲ್ಲ, ನಾಲಿಗೆ ತೊದಲುವುದಿಲ್ಲ. ಬೆರಳ ತುದಿಯ ಸಣ್ಣ ನಡುಕ ಲೋಟ ಹಿಡಿಯಲಾಗದ ದೊಡ್ಡ ನಡುಕವಾಗುವುದು, ಸ್ನಾಯುಗಳು ತಾವೇ ಎಗರುವುದು, ಹಗಲಲ್ಲೇ ಮಂಪರು, ಗೊಂದಲದ ಮಾತು ಇವು ಲಿಥಿಯಂನ ಗುರುತು. ಇದನ್ನು ಮೀರಿದರೆ ಫಿಟ್ಸ್ ಬರುತ್ತದೆ, ಪ್ರಜ್ಞೆ ತಪ್ಪುತ್ತದೆ. ಬದುಕಿ ಉಳಿದರೂ ಕೆಲವರಿಗೆ ನಡಿಗೆಯ ಹಿಡಿತ ಕಾಯಂ ಆಗಿ ಹೋಗಿಬಿಡುತ್ತದೆ.

ಆಕೆ ಮಾಡಬೇಕಾಗಿದ್ದುದು ಕಷ್ಟದ್ದೇನಲ್ಲ. ವಾಂತಿ ಭೇದಿ ಶುರುವಾದ ದಿನವೇ ಮನೋವೈದ್ಯರಿಗೆ ಫೋನ್ ಮಾಡಬೇಕಿತ್ತು. ಇಂಥ ಹೊತ್ತಿನಲ್ಲಿ ಭೇದಿ ನಿಲ್ಲುವ ತನಕ ಮಾತ್ರೆ ನಿಲ್ಲಿಸಿ, ಲೆವೆಲ್ ನೋಡಿ ಮತ್ತೆ ಶುರು ಮಾಡಿ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಎರಡು ಮೂರು ದಿನ ನಿಂತರೆ ಆಗುವ ನಷ್ಟಕ್ಕಿಂತ ನಿಲ್ಲಿಸದಿದ್ದರೆ ಆಗುವ ನಷ್ಟ ದೊಡ್ಡದು. ಬರೀ ನೀರಿನ ಬದಲು ಓಆರ್‌ಎಸ್ ಕುಡಿಯಬೇಕಿತ್ತು. ದೊಡ್ಡ ಪೊಟ್ಟಣವನ್ನು ಒಂದು ಲೀಟರ್ ನೀರಿಗೆ ಪೂರ್ತಿ ಕಲಸಿದರೆ ಅದರಲ್ಲಿ 2.6 ಗ್ರಾಂ ಉಪ್ಪು ಇರುತ್ತದೆ, ಮೂತ್ರಪಿಂಡ ಹುಡುಕುತ್ತಿರುವುದು ಅದನ್ನೇ. ನೋವಿಗೆ ಐಬುಪ್ರೊಫೆನ್, ಡೈಕ್ಲೋಫೆನಾಕ್ ಬದಲು ಪ್ಯಾರಸಿಟಮಾಲ್ ಆಗಬಹುದಿತ್ತು. ತೂರಾಟ ಶುರುವಾದ ಮೇಲೆ ಮನೆಮದ್ದಿನ ಕಾಲ ಮುಗಿಯಿತು. ಆಸ್ಪತ್ರೆಯಲ್ಲಿ ರಕ್ತನಾಳದ ಮೂಲಕ ಸಲೈನ್ ಕೊಡುತ್ತಾರೆ, ಲೆವೆಲ್ ಬಹಳ ಏರಿದ್ದರೆ ಅಥವಾ ಪ್ರಜ್ಞೆ ಕುಂದಿದ್ದರೆ ಡಯಾಲಿಸಿಸ್ ಮಾಡುತ್ತಾರೆ. ಮೆದುಳಿನಿಂದ ಲಿಥಿಯಂ ನಿಧಾನವಾಗಿ ಇಳಿಯುವುದರಿಂದ ರಕ್ತದ ಅಂಕಿ ಸರಿಯಾದ ಮೇಲೂ ನಡುಕ, ಗೊಂದಲ ಕೆಲವು ದಿನ ಉಳಿಯಬಹುದು.

ಏಪ್ರಿಲ್‌ನ ತೀರ್ಮಾನವೂ ತಪ್ಪಲ್ಲ, ಅದನ್ನು ಮಾಡಿದ ರೀತಿ ಮಾತ್ರ ತಪ್ಪು. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಎನ್ನುತ್ತದೆ, ಬಿಪಿ ಇರುವವರಿಗೆ ಅದು ಬೇಕು. ಲಿಥಿಯಂ ತೆಗೆದುಕೊಳ್ಳುವವರು ಉಪ್ಪು ಕಡಿಮೆ ಮಾಡಬಾರದೆಂದಿಲ್ಲ, ಡಾಕ್ಟರಿಗೆ ತಿಳಿಸಿ ವಾರಗಳ ಅವಧಿಯಲ್ಲಿ ಸ್ವಲ್ಪಸ್ವಲ್ಪವಾಗಿ ಇಳಿಸಬೇಕು. ಸೋಡಿಯಂ ಕಡಿಮೆ ಇರುವ ಉಪ್ಪಿನ ಪೊಟ್ಟಣಕ್ಕೆ ಬದಲಾಗುವುದೂ ಉಪ್ಪು ಇಳಿಸಿದಂತೆಯೇ. ಕಾಫಿಯೂ ಹಾಗೆಯೇ, ಐದು ಲೋಟ ನಾಲ್ಕಾಗಲಿ, ಆಮೇಲೆ ಮೂರಾಗಲಿ. ಪ್ರತಿ ಬದಲಾವಣೆ ಹೊಸ ಲೆವೆಲ್ಲಿಗೆ ನೆಲೆಯಾಗಲು ಐದಾರು ದಿನ ಹಿಡಿಯುತ್ತದೆ, ಹಾಗಾಗಿ ಒಂದು ವಾರ ಬಿಟ್ಟು ರಕ್ತ ಕೊಟ್ಟರೆ ಅಂಕಿಗೆ ಅರ್ಥವಿರುತ್ತದೆ. ಬಿಪಿಗೆ ಮಾತ್ರೆಯೇ ಬೇಕಾದರೆ ಬರೆಯುವ ಡಾಕ್ಟರಿಗೆ ಲಿಥಿಯಂ ವಿಷಯ ಮೊದಲೇ ಹೇಳಿ. ಥಯಾಜೈಡ್ ಜಾತಿಯ ಮೂತ್ರ ಬರಿಸುವ ಮಾತ್ರೆಗಳು, ಟೆಲ್ಮಿಸಾರ್ಟಾನ್, ರಾಮಿಪ್ರಿಲ್‌ನಂಥವು ಲೆವೆಲ್ ಏರಿಸುತ್ತವೆ.

ರಕ್ತ ಕೊಡುವಾಗ ಕೊನೆಯ ಮಾತ್ರೆ ನುಂಗಿ ಹನ್ನೆರಡು ಗಂಟೆ ಆಗಿರಬೇಕು. ರಾತ್ರಿ ಎಂಟಕ್ಕೆ ತೆಗೆದುಕೊಂಡರೆ ಬೆಳಿಗ್ಗೆ ಎಂಟಕ್ಕೆ ರಕ್ತ, ಬೆಳಗಿನ ಮಾತ್ರೆ ಇದ್ದರೆ ಅದು ರಕ್ತ ಕೊಟ್ಟ ಮೇಲೆ. ಮುಂಚೆಯೇ ಕೊಟ್ಟರೆ ಅಂಕಿ ಸುಳ್ಳಾಗಿ ಹೆಚ್ಚು ತೋರುತ್ತದೆ. ರಕ್ತ ಹೆಪ್ಪುಗಟ್ಟದಂತೆ ಲಿಥಿಯಂ ಹೆಪಾರಿನ್ ಸವರಿದ ಟ್ಯೂಬಿನಲ್ಲಿ ತೆಗೆದರೂ ಅಂಕಿ ಸುಳ್ಳಾಗಿ ಏರುತ್ತದೆ, ಅನುಭವಿ ಲ್ಯಾಬಿನವರಿಗೆ ಇದು ಗೊತ್ತಿರುತ್ತದೆ, ಆದರೂ ಇದು ಲಿಥಿಯಂ ಲೆವೆಲ್ಲಿಗೆ ಎಂದು ಬಾಯಿಬಿಟ್ಟು ಹೇಳಿ.

ಮನೆಯಲ್ಲಿ ಲಿಥಿಯಂ ತೆಗೆದುಕೊಳ್ಳುವವರಿದ್ದರೆ ಅವರ ಕೊನೆಯ ಲೆವೆಲ್, ಅದರ ತಾರೀಖು, ಮಾತ್ರೆಯ ಪ್ರಮಾಣ ಒಂದು ಚೀಟಿಯಲ್ಲಿ ಬರೆದು ಎಲ್ಲರಿಗೂ ಗೊತ್ತಿರುವ ಜಾಗದಲ್ಲಿಡಿ. ಅವರು ವಾಂತಿ ಭೇದಿಯಲ್ಲಿ ಮಲಗಿದ್ದು ನಡಿಗೆ ತೂರಾಡಿದರೆ ಅಥವಾ ಮಾತು ತೊದಲಿದರೆ ಬೆಳಗಾಗಲಿ ಎಂದು ಕಾಯಬೇಡಿ. 108ಕ್ಕೆ ಕರೆ ಮಾಡಿ, ಮಾತ್ರೆಯ ಪಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡೇ ಆಸ್ಪತ್ರೆಗೆ ಹೋಗಿ, ಎದುರಿಗೆ ಸಿಕ್ಕ ಮೊದಲ ಡಾಕ್ಟರಿಗೆ ಇವರು ಲಿಥಿಯಂ ತೆಗೆದುಕೊಳ್ಳುತ್ತಾರೆ ಎಂದು ಹೇಳಿ.